ನಿಧಾನ ಮಾಡಿದರೆ ಕಿರಿಕಿರಿ ತಪ್ಪಲ್ಲ

“ಸರ್ವೈವಲ್ ಗೇಮ್‌ನಲ್ಲಿ ಬಾಯಾರಿಕೆ ಮೀಟರ್ ಇಳಿಯುವ ವೇಗ ಕಡಿಮೆ ಮಾಡಿದರೆ ಸಾಕು, ಅದು ಕೆಲಸದ ಹಾಗೆ ಅನಿಸುವುದಿಲ್ಲ.”

ಇದನ್ನು ಒಪ್ಪೋಕೆ ಆಗ್ತಿಲ್ಲ. ನೀರು ಕುಡಿಯೋಕೆ ಐದು ನಿಮಿಷಕ್ಕೊಮ್ಮೆ ಒತ್ತುತ್ತಿದ್ದ ಬಟನ್ ಹತ್ತು ನಿಮಿಷಕ್ಕೊಮ್ಮೆ ಒತ್ತುತ್ತೇವೆ, ಅಷ್ಟೇ. ಆಗಲೂ ಯೋಚಿಸುವಂಥದ್ದು ಏನಿದೆ?

ವಿಜಯಪುರದಲ್ಲಿ ನಾವು ಮೂವರು ಸೇರಿ ಸಣ್ಣದೊಂದು ಸರ್ವೈವಲ್ ಗೇಮ್ ಮಾಡುತ್ತಿದ್ದೇವೆ. ಜಾಗ ನಮ್ಮದೇ ಬೇಸಿಗೆಯ ಬಯಲು. ಅದರಲ್ಲಿ ಬಾಯಾರಿಕೆಯ ವೇಗವನ್ನು ಬಿಸಿಲಿಗೆ ಕಟ್ಟಿದ್ದೇವೆ. ಮೀಟರ್ ತುಂಬಿದಾಗ 100. ಬೇವಿನ ನೆರಳಲ್ಲಿ ಕೂತರೆ ನಿಮಿಷಕ್ಕೆ 1 ಇಳಿಯುತ್ತೆ, ಸಂಜೆ ನಡೆದರೆ 2, ಮಟಮಟ ಮಧ್ಯಾಹ್ನ ನಡೆದರೆ 5. ಮುಂದಿನ ಬಾವಿ 15 ನಿಮಿಷದ ದಾರಿ, ಕೈಯಲ್ಲಿ ಉಳಿದಿರೋದು 60 ಅಂದುಕೊಳ್ಳಿ. ಈಗಲೇ ಹೊರಟರೆ 12ನೇ ನಿಮಿಷಕ್ಕೆ ಸೊನ್ನೆ. ಹತ್ತು ನಿಮಿಷ ನೆರಳಲ್ಲಿ ಕಾದು ಸಂಜೆ ಹೊರಟರೆ 20 ಉಳಿಸಿಕೊಂಡು ಮುಟ್ಟಬಹುದು, ಆದರೆ ವಾಪಸ್ ಬರೋದು ಕತ್ತಲಲ್ಲಿ, ಚಳಿಯಲ್ಲಿ. ಇಲ್ಲಿ ಆಟಗಾರ ಮೀಟರ್ ನೋಡಲ್ಲ, ಮ್ಯಾಪ್ ನೋಡ್ತಾನೆ, ಆಕಾಶ ನೋಡ್ತಾನೆ.

ಸೊನ್ನೆಯಾದ ಕೂಡಲೇ ಸಾಯಿಸಬೇಡಿ. ಮೊದಲು ಓಟ ನಿಲ್ಲಲಿ, ಆಮೇಲೆ ಕಣ್ಣು ಮಂಜಾಗಲಿ. ಬಾವಿ ಕಾಣುವಷ್ಟು ಹತ್ತಿರ ಬಂದು ಸತ್ತರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ?

ಹಸಿವಿಗೆ ಇದೇ ಸೂತ್ರ ಬೇಕಿಲ್ಲ. ವಾಲ್‌ಹೈಮ್ ಅನ್ನೋ ಗೇಮ್‌ನಲ್ಲಿ ಉಪವಾಸ ಬಿದ್ದರೆ ಸಾಯಲ್ಲ, ಉಂಡರೆ ಆರೋಗ್ಯ, ಕಸುವು ಜಾಸ್ತಿಯಾಗುತ್ತೆ. ಹಾಗಾಗಿ ದೊಡ್ಡ ಜಗಳಕ್ಕೆ ಮುಂಚೆ ಅಡುಗೆ ಮಾಡೋಕೆ ಮನಸ್ಸು ಬರುತ್ತೆ.

ಬೇರೆಯವರಿಗೆ ಆಡಿಸುವಾಗ ಒಂದನ್ನು ಗಮನಿಸಿ: ಎಲ್ಲಿದ್ದರೂ ಹೇಗಿದ್ದರೂ ಮೀಟರ್ ಒಂದೇ ಮಟ್ಟಕ್ಕೆ ಇಳಿದಾಗ ಸುಮ್ನೆ ಬಟನ್ ಒತ್ತುತ್ತಿದ್ದರೆ, ಆ ಮೀಟರ್ ತೆಗೆದುಬಿಡಿ.