ಏಳು ಅಡಿಯ ಮೇಲಿನ ಗೋಡೆ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯ ಬಚ್ಚಲನ್ನು ಅಣ್ಣ ಈ ಬೇಸಿಗೆಯಲ್ಲಿ ಹೊಸದು ಮಾಡಿಸುವವನಿದ್ದಾನೆ. ಏಳು ಅಡಿಗೆ ನಿಂತಿರುವ ಟೈಲ್ಸನ್ನು ಸ್ಲ್ಯಾಬಿನವರೆಗೂ ಏರಿಸುವ ಬದಲು ಮೇಲಿನ ಮೂರು ಅಡಿಗೆ ಒಳ್ಳೆಯ ಬಣ್ಣ ಹೊಡೆಸಬಾರದೇ ಎಂದು ಫೋನಿನಲ್ಲಿ ಕೇಳಿದೆ. "ಬಣ್ಣಗಿಣ್ಣ ಎಲ್ಲ ಬಾಡಿಗೆ ಮನೆಗಪ್ಪ" ಎಂದುಬಿಟ್ಟ. ಇಂಗ್ಲೆಂಡಿನಲ್ಲಿ ನಾನಿರುವುದು ಬಾಡಿಗೆ ಮನೆಯಲ್ಲೇ ಆದ್ದರಿಂದ ಮಾತು ಸ್ವಲ್ಪ ಚುಚ್ಚಿತು.

ಇಲ್ಲಿನ ಬಚ್ಚಲಿನಲ್ಲಿ ಟೈಲ್ಸ್ ಇರುವುದು ಶವರಿನ ನೀರು ಸಿಡಿಯುವ ಜಾಗದಲ್ಲಿ ಮಾತ್ರ. ಉಳಿದ ಗೋಡೆ, ತಾರಸಿಯ ಅಡಿ, ಎಲ್ಲವೂ ಬಣ್ಣ. ಚಳಿಗಾಲದಲ್ಲಿ ಹೊರಗೋಡೆ ಕೊರೆಯುವಷ್ಟು ತಣ್ಣಗಿರುತ್ತದೆ, ಬಿಸಿನೀರಿನ ಹಬೆ ಅದಕ್ಕೆ ತಗುಲಿದೊಡನೆ ಹನಿಯಾಗುತ್ತದೆ. ಅಷ್ಟಾದರೂ ಆ ಬಣ್ಣ ಸಿಪ್ಪೆ ಏಳದೆ ನಿಂತಿದೆ. ವರ್ಷದ ಬಹುಪಾಲು ಒಣಹವೆಯಿರುವ ನಮ್ಮ ಊರಿನಲ್ಲಿ ಬಣ್ಣ ಬಾಳುವುದಿಲ್ಲ ಎಂದರೆ ದೋಷ ಹವೆಯದಲ್ಲ, ನಾವು ಹೊಡೆಸುವ ಬಣ್ಣದ್ದು.

ನಮ್ಮಲ್ಲಿ ಟೈಲ್ಸಿನ ಮೇಲಿನ ಭಾಗವೆಂದರೆ ಡಿಸ್ಟೆಂಪರ್ ಎಂದೇ ಲೆಕ್ಕ. ಅದು ನೀರು ಹೀರುತ್ತದೆ, ಒರೆಸಿದರೆ ಕೈಗೆ ಪುಡಿ ಬರುತ್ತದೆ. ಸ್ವಲ್ಪ ಹೆಚ್ಚು ಖರ್ಚು ಮಾಡುವವರು ಎನಾಮಲ್ ಹೊಡೆಸುತ್ತಾರೆ. ಸಿಮೆಂಟಿನ ಗಾರೆ ಪೂರ್ತಿ ಒಣಗಿರದಿದ್ದರೆ ಅದರ ಕ್ಷಾರ ಎಣ್ಣೆಬಣ್ಣವನ್ನು ಸಾಬೂನಿನಂತೆ ಕರಗಿಸಿಬಿಡುತ್ತದೆ, ಹಾಗಾಗಿ ಅದು ಅಂಟಂಟಾಗಿ ಎದ್ದು ಬರುತ್ತದೆ. ಇಲ್ಲಿ ಬಚ್ಚಲಿಗೆಂದೇ ಮಾರುವುದು ಬೂಷ್ಟು ತಡೆಯುವ ಔಷಧ ಬೆರೆಸಿದ, ನೀರಿನಲ್ಲಿ ಕಲಸುವ ಅಕ್ರಿಲಿಕ್ ಎಮಲ್ಷನ್, ಹೊಳಪು ಮಧ್ಯಮ. ತೀರ ಮ್ಯಾಟ್ ಆದರೆ ಹಬೆ ಹೀರುತ್ತದೆ, ತೀರ ಹೊಳಪಾದರೆ ಗಾರೆಯ ಏರುತಗ್ಗೆಲ್ಲ ಕಾಣುತ್ತದೆ.

ಟೈಲ್ಸ್ ಏರಿಸುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಹಬೆ ಮೊದಲು ಸೇರುವುದು ಸ್ಲ್ಯಾಬಿನ ಅಡಿಗೆ, ಅಲ್ಲಿರುವುದು ಹೇಗಿದ್ದರೂ ಬಣ್ಣವೇ. ಗೋಡೆಯ ಟೈಲ್ಸು ಹಬೆಯನ್ನು ಕಡಿಮೆ ಮಾಡುವುದಿಲ್ಲ; ಅದರ ಮೇಲೂ ನೀರು ಕಟ್ಟಿ ಇಳಿಯುತ್ತದೆ, ಸಂದಿನ ಗ್ರೌಟ್ ಕಪ್ಪಾಗುತ್ತದೆ. ಇಂಗ್ಲೆಂಡಿನ ಕಟ್ಟಡ ನಿಯಮವು ಹೊಸ ಮನೆಯ ಬಚ್ಚಲಿಗೆ ಸೆಕೆಂಡಿಗೆ 15 ಲೀಟರ್ ಗಾಳಿ ಹೊರಹಾಕುವ ಫ್ಯಾನನ್ನು ಕೇಳುವುದು ಇದಕ್ಕೇ. ನಮ್ಮ ವೆಂಟಿಲೇಟರಿನಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಸ್ನಾನದ ನಂತರವೂ ಕಾಲು ಗಂಟೆ ತಿರುಗಲು ಬಿಟ್ಟರೆ, ಮೂರು ಅಡಿ ಟೈಲ್ಸಿಗಿಂತ ಅದರ ಉಪಕಾರ ಹೆಚ್ಚು.

ಅಣ್ಣನ ಬಚ್ಚಲು ಐದಡಿ ಏಳಡಿಯದು. ಸುತ್ತಳತೆ 24 ಅಡಿ, ಟೈಲ್ಸಿನ ಮೇಲೆ ಮೂರಡಿ, ಅಂದರೆ 72 ಚದರಡಿ. ಸ್ಲ್ಯಾಬಿನ ಅಡಿ 35 ಸೇರಿದರೆ 107. ಎರಡು ಸಲ ಬಳಿಯಲು ಎರಡು ಲೀಟರ್ ಬಣ್ಣ ಹಿಡಿದರೆ ಕೊರತೆಯಾಗದು. ಆದರೆ ಅದಕ್ಕೂ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಕಪ್ಪು ಕಲೆಯಿರುವ ಜಾಗ ಒಣಗಿದ ಮೇಲೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಲಿ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಅದು ಹಬೆ. ಒಳಮೈಯಲ್ಲಿದ್ದರೆ ತಾರಸಿಯ ಟ್ಯಾಂಕಿನಿಂದಲೋ ಗೋಡೆಯೊಳಗಿನ ಪೈಪಿನಿಂದಲೋ ಜಿನುಗುವ ನೀರು. ಜಿನುಗುವಿಕೆಗೆ ಯಾವ ಬಣ್ಣವೂ ಮದ್ದಲ್ಲ, ಟೈಲ್ಸೂ ಅಲ್ಲ. ಬಣ್ಣ ಗುಳ್ಳೆಯೆದ್ದು ಬೇಗ ಹೇಳುತ್ತದೆ, ಟೈಲ್ಸು ಟೊಳ್ಳಾಗುವವರೆಗೂ ಮುಚ್ಚಿಡುತ್ತದೆ.

ಬರೀ ಹಬೆಯಾದರೆ ಕೆಲಸ ಸರಳ. ಬ್ಲೀಚಿಗೆ ನಾಲ್ಕು ಪಾಲು ನೀರು ಬೆರೆಸಿ, ಕಿಟಕಿ ತೆರೆದಿಟ್ಟು, ಬೇರೆ ಯಾವ ಕ್ಲೀನರನ್ನೂ ಕೂಡಿಸದೆ ಬೂಷ್ಟಿನ ಮೇಲೆ ಹಚ್ಚಿ, ಕಾಲು ಗಂಟೆಯ ನಂತರ ತೊಳೆಯಬೇಕು. ಬೂಷ್ಟಿನ ಮೇಲೆಯೇ ಬಳಿದರೆ ಔಷಧ ಬೆರೆಸಿದ ಬಣ್ಣವೂ ಅದನ್ನು ಕೊಲ್ಲುವುದಿಲ್ಲ. ಒಣಗಿದ ಮೇಲೆ ಹಳೆಯ ಡಿಸ್ಟೆಂಪರನ್ನು ಪೂರ್ತಿ ಕೆರೆದು, ಕ್ಷಾರ ತಡೆಯುವ ಪ್ರೈಮರ್ ಒಂದು ಕೋಟು, ಎಮಲ್ಷನ್ ಎರಡು ಕೋಟು. ಕೆರೆಯುವ ಕೆಲಸಕ್ಕೇ ನಮ್ಮ ಪೇಂಟರುಗಳು ಮುಖ ಸಿಂಡರಿಸುವುದು. ಹಳೆಯದರ ಮೇಲೆಯೇ ಹೊಡೆದು ಹೋದರೆ ಹೊಸ ಬಣ್ಣ ಹಳೆಯದರ ಜೊತೆಗೆ ಕಳಚಿಕೊಳ್ಳುತ್ತದೆ.

ಅಣ್ಣನ ಪರವಾಗಿಯೂ ಒಂದೆರಡು ಮಾತು ಹೇಳಲೇಬೇಕು. ಇಲ್ಲಿ ನೀರು ಶವರಿನ ಗಾಜಿನೊಳಗೇ ಉಳಿಯುತ್ತದೆ. ನಮ್ಮಲ್ಲಿ ಚೊಂಬಿನಿಂದ ಎರೆದುಕೊಂಡ ನೀರು ನಾಲ್ಕೂ ಗೋಡೆಗೆ ಹಾರುತ್ತದೆ, ಬಟ್ಟೆ ಒಗೆಯುವುದೂ ಅಲ್ಲೇ, ಯುಗಾದಿಯ ಬೆಳಗಂತೂ ಎಣ್ಣೆ, ಸೀಗೆಪುಡಿ ಎಲ್ಲಿಯವರೆಗೆ ಏರುತ್ತದೆಂದು ಬಲ್ಲವರೇ ಬಲ್ಲರು. ಹಾಗಾಗಿ ಇಂಗ್ಲೆಂಡಿನವರಂತೆ ಒಂದೇ ಮೂಲೆಗೆ ಟೈಲ್ಸ್ ಹಾಕಿ ಉಳಿದುದಕ್ಕೆ ಬಣ್ಣ ಎನ್ನುವುದು ನಮಗೆ ಒಗ್ಗುವುದಿಲ್ಲ. ಏಳಡಿ ಬೇಕೇ ಬೇಕು. ಬೂಷ್ಟಿನ ಔಷಧವೂ ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ, ಬಣ್ಣವನ್ನು ಮತ್ತೆ ಹೊಡೆಸಬೇಕಾಗುತ್ತದೆ. ಇದೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಒಂದೇ ಬಚ್ಚಲಿರುವ ತುಂಬಿದ ಮನೆಯಲ್ಲಿ ಗೋಡೆ ಒಣಗಲಿ ಎಂದು ಹಲವು ದಿನ ಬಿಸಿನೀರು ನಿಲ್ಲಿಸುವುದು ಅತ್ತಿಗೆಗೆ ಒಪ್ಪಿಗೆಯಾಗಬೇಕು. ಏಪ್ರಿಲ್‌ನಲ್ಲಾದರೆ ತಣ್ಣೀರಿನ ಸ್ನಾನಕ್ಕೆ ಯಾರೂ ತಕರಾರು ಮಾಡುವುದಿಲ್ಲ, ಗೋಡೆಯೂ ಬೇಗ ಒಣಗುತ್ತದೆ ಎಂದು ಅವರಿಗೆ ಬರೆದಿದ್ದೇನೆ.