ಬೆಳಿಗ್ಗೆ ಆರರಿಂದ ಏಳು

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ವಾರ್ಷಿಕ ಫೈರ್ ಸೇಫ್ಟಿ ಚೆಕ್‌ಲಿಸ್ಟಿನಲ್ಲಿ 64 ಪ್ರಶ್ನೆಗಳಿವೆ. ಎಲ್ಲವೂ ‘ಇದೆಯೇ?’ ಎಂದೇ ಮುಗಿಯುತ್ತವೆ. ಪಂಪ್ ಇದೆಯೇ? ಇದೆ. ಹೋಸ್ ಬಾಕ್ಸ್ ಇದೆಯೇ? ಇದೆ, ಒಳಗೆ ಪೊರಕೆಯೂ ಇದೆ. ಹೋದ ವರ್ಷದ ಹಾಳೆಯನ್ನೇ ಜೆರಾಕ್ಸ್ ಮಾಡಿಸಿ, ತಾರೀಕಿನ ಮೇಲೆ ವೈಟ್ನರ್ ಹಚ್ಚಿ, ನಾವು ಕಮಿಟಿಯ ಐದು ಜನ ಭಾನುವಾರ ಕಾಫಿ ಆರುವುದರೊಳಗೆ ಸಹಿ ಹಾಕಿಬಿಡುತ್ತೇವೆ. ಸಂಬಳವಿಲ್ಲದ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಶ್ರದ್ಧೆ ಕೇಳಬಾರದು.

ಈ ಸಲ ಆಡಿಟ್‌ಗೆ ಬಂದವರು ಸ್ವಲ್ಪ ವಿಚಿತ್ರ ಮನುಷ್ಯ. ಕಾಫಿ ಬೇಡ, ಪಂಪ್ ರೂಮ್ ತೋರಿಸಿ ಎಂದರು. ಬೀಗದ ಕೈ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಹೋದರೆ ಪ್ಯಾನೆಲ್ಲಿನ ಮೂರೂ ಸ್ವಿಚ್ಚುಗಳು ‘ಆಫ್’ನಲ್ಲಿ ಕೂತಿದ್ದವು.

ಅದಕ್ಕೊಂದು ಇತಿಹಾಸವಿದೆ. ಫೈರ್ ಪೈಪಿನಲ್ಲಿ ಯಾವಾಗಲೂ ನೀರು ಒತ್ತಡದಲ್ಲಿ ನಿಂತಿರಬೇಕು. ಒತ್ತಡ ಚೂರು ಇಳಿದರೆ ಜಾಕಿ ಪಂಪ್ ಎಂಬ ಚಿಕ್ಕ ಪಂಪ್ ತಾನೇ ಶುರುವಾಗಿ, ತುಂಬಿಸಿ, ತಾನೇ ನಿಲ್ಲುತ್ತದೆ. ಯಾರಾದರೂ ಹೈಡ್ರಂಟ್ ತೆರೆದು ಒತ್ತಡ ಇನ್ನೂ ಕುಸಿದರೆ ಮೇನ್ ಪಂಪ್, ಕರೆಂಟ್ ಹೋಗಿದ್ದರೆ ಡೀಸೆಲ್ ಪಂಪ್. ಎಲ್ಲಿಯೂ ಸೋರದ ಪೈಪಿದ್ದರೆ ಜಾಕಿ ಅಪರೂಪಕ್ಕೆ ಎದ್ದು ಮಲಗುತ್ತದೆ. ನಮ್ಮದು ಕಾಲು ಗಂಟೆಗೊಮ್ಮೆ ಗುಡುಗುತ್ತಿತ್ತು. ಅಂದರೆ ನೆಲದಡಿ ಎಲ್ಲೋ ಸೋರುತ್ತಿದೆ ಎಂದರ್ಥ. ಬಿ ಬ್ಲಾಕ್ ನೆಲಮಹಡಿಯವರಿಗೆ ಮಾತ್ರ ಅದರ ಅರ್ಥ ಬೇರೆ: ಮಧ್ಯಾಹ್ನದ ನಿದ್ದೆ ಹಾಳು. ಗ್ರೂಪಿನಲ್ಲಿ ವಾಯ್ಸ್ ಮೆಸೇಜುಗಳ ಮಳೆಯಾಯಿತು. ಸೋರಿಕೆ ಹುಡುಕಲು ನೆಲ ಅಗೆಯಬೇಕು, ಅಗೆಯಲು ದುಡ್ಡು ಬೇಕು, ದುಡ್ಡಿಗೆ ಜನರಲ್ ಬಾಡಿ ಬೇಕು, ಅದಕ್ಕೆ ಕೋರಂ ಬೇಕು. ಸ್ವಿಚ್ಚಿಗೆ ಒಂದು ಬೆರಳು ಸಾಕು.

ಜಾಕಿ ಆಫ್ ಆದ ಮೇಲೆ ಒತ್ತಡ ಇಳಿಯುತ್ತಾ ಹೋಗಿ ಮೇನ್ ಪಂಪ್ ಎದ್ದಿತು. ಅದು ಜಾಕಿಯ ಹಾಗಲ್ಲ, ಶುರುವಾದರೆ ಮನುಷ್ಯರೇ ಹೋಗಿ ನಿಲ್ಲಿಸಬೇಕು. ನಿಲ್ಲಿಸಿದರು, ಶಾಶ್ವತವಾಗಿ. ಆಮೇಲೆ ಡೀಸೆಲ್ ಪಂಪಿನ ಸರದಿ. ಪಾಪ, ಅದನ್ನು ಆಫ್ ಮಾಡುವ ಅಗತ್ಯವೇ ಇರಲಿಲ್ಲ: ಬ್ಯಾಟರಿ ಸತ್ತಿತ್ತು, ಡೀಸೆಲ್ ಜನರೇಟರಿಗೆ ವರ್ಗವಾಗಿತ್ತು.

“ಆದ್ರೂ ಪ್ರೆಷರ್ ಏಳು ಕೆಜಿ ಇದೆಯಲ್ಲ ಸಾರ್, ನೋಡಿ,” ಎಂದು ನಮ್ಮ ಸೆಕ್ರೆಟರಿ ಗೇಜ್ ತೋರಿಸಿದರು. ಆಡಿಟರ್ ಪಕ್ಕದ ಡ್ರೇನ್ ವಾಲ್ವ್ ತಿರುಗಿಸಿದರು. ನೀರು ಸುರಿಯಿತು, ಮುಳ್ಳು ಅಲುಗಲಿಲ್ಲ. ಬಹುಶಃ ಬಿಲ್ಡರ್ ಕೀಲಿಕೈ ಕೊಟ್ಟ ದಿನದಿಂದ ಅದು ಅಲ್ಲೇ ನಿಂತಿದೆ. ನಮ್ಮ ಕಮಿಟಿಯಲ್ಲಿ ಇಷ್ಟು ಸ್ಥಿರ ಅಭಿಪ್ರಾಯ ಇನ್ಯಾರದ್ದೂ ಇಲ್ಲ.

ಟೆರೇಸಿಗೆ ಹೋಗಿ ಅಲ್ಲಿನ ಹೈಡ್ರಂಟ್ ತೆರೆದೆವು. ಒಂದು ಜಿರಳೆ ಹೊರಬಂದು, ನಮ್ಮನ್ನು ನೋಡಿ, ವಾಪಸ್ ಹೋಯಿತು. ಅದನ್ನು ಮುಚ್ಚಿ, ಕೆಳಗಿದ್ದ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ, ಎಲ್ಲವನ್ನೂ ಆಟೋಗೆ ಹಾಕು ಎಂದರು ಆಡಿಟರ್. ಪಂಪ್ ಎದ್ದಿತು. ಟೆರೇಸಿಗೆ ನೀರು ತಲುಪುವ ಮೊದಲೇ ಐದನೇ ಮಹಡಿಯಿಂದ ಕೂಗು ಕೇಳಿಸಿತು. ಹೋದ ದೀಪಾವಳಿಗೆ ಬಣ್ಣ ಬಳಿದವರು ಬಕೆಟ್ ತೊಳೆಯಲೆಂದು ಅಲ್ಲಿನ ವಾಲ್ವ್ ತಿರುಗಿಸಿ, ನೀರು ಬಾರದ್ದರಿಂದ ತೆರೆದೇ ಬಿಟ್ಟು ಹೋಗಿದ್ದರಂತೆ. ಈಗ ಬಂತು. ಮೆಟ್ಟಿಲ ದಾರಿಯಲ್ಲಿ ಇಡಬಾರದೆಂದು ಮೂರು ಸರ್ಕ್ಯುಲರ್ ಹೊರಡಿಸಿದ್ದ ಶೂ ರ‍್ಯಾಕ್ ನಾಲ್ಕನೇ ಮಹಡಿಗೆ ತಾನಾಗಿ ಇಳಿಯಿತು.

ಆ ಸಂಜೆಯ ತುರ್ತು ಸಭೆಗೆ, ನಮ್ಮ ಇತಿಹಾಸದಲ್ಲೇ ಮೊದಲ ಬಾರಿಗೆ, ಕೋರಂ ಸೇರಿತು. ವಿಷಯ ಬೆಂಕಿಯಲ್ಲ, ಶೂ. ಪರಿಹಾರದ ಮೊತ್ತ ಚರ್ಚೆಯಾದ ಮೇಲೆ ‘ನಿವಾಸಿಗಳಿಗೆ ಏಳು ದಿನ ಮುಂಚೆ ನೋಟಿಸ್ ಕೊಡದೆ ಪಂಪ್ ಪರೀಕ್ಷಿಸಬಾರದು’ ಎಂದು ಠರಾವು ಪಾಸಾಯಿತು. ಸ್ವಿಚ್ಚುಗಳು ಮತ್ತೆ ಆಫ್‌ಗೆ ಹೋಗುವುದರಲ್ಲಿದ್ದವು, ಅಷ್ಟರಲ್ಲಿ ಗಾರ್ಡನ್ ಉಪಸಮಿತಿಯ ಮೇಡಂ ಎದ್ದು ನಿಂತರು. ಬಿ ಬ್ಲಾಕ್ ಮುಂದಿನ ಲಾನ್ ಏಪ್ರಿಲ್‌ನಲ್ಲೂ ಹಚ್ಚಗಿರುತ್ತಿತ್ತು, ಅದಕ್ಕೆಂದೇ ಮಾಲಿಗೆ ಶಾಲು ಹೊದಿಸಿದ್ದೆವು. ಪಂಪ್ ಆಫ್ ಮಾಡಿದ ತಿಂಗಳಿಂದ ಅದು ಒಣಗಿದೆ, ದಯವಿಟ್ಟು ಆನ್ ಮಾಡಿ ಎಂದರು.

ಸೋರಿಕೆ ಎಲ್ಲಿದೆ ಎಂದು ಅಗೆಯದೆಯೇ ಗೊತ್ತಾಯಿತಲ್ಲ, ರಿಪೇರಿ ಮಾಡಿಸೋಣ ಎಂದೆ ನಾನು. ಲಾನ್ ಅಗೆಯುವ ಮಾತಾಡಿದ್ದಕ್ಕೆ ಮೇಡಂ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಕೊನೆಗೆ ನಿದ್ದೆಗೂ ಹುಲ್ಲಿಗೂ ರಾಜಿಯಾಯಿತು. ದಿನವೂ ಬೆಳಿಗ್ಗೆ ಆರರಿಂದ ಏಳರವರೆಗೆ ಪಂಪುಗಳು ಆಟೋದಲ್ಲಿರುತ್ತವೆ. ವೇಳಾಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಲಿಫ್ಟಿನೊಳಗೆ ಅಂಟಿಸಿದ್ದೇವೆ, ‘ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ’ ಎಂಬ ಫಲಕದ ಮೇಲೆಯೇ, ಬೇರೆ ಕಡೆ ಜಾಗವಿರಲಿಲ್ಲ.