ಇದು ನನ್ನ ಹೊಸ ನಂಬರ್, ಸೇವ್ ಮಾಡಿಕೊಳ್ಳಿ

ಆಟಿಯ ಮಳೆಯಲ್ಲಿ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವವಳ ಮಡಿಲಲ್ಲಿ ಏನೇನು ಇರಬಹುದು? ಒದ್ದೆ ಕೊಡೆ, ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಪತ್ರೊಡೆಗೆಂದು ಕೊಯ್ದ ಕೆಸುವಿನ ಎಲೆ, ವ್ಯಾನಿಟಿ ಬ್ಯಾಗ್, ಫೋನ್. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮೊದಲ ನಾಲ್ಕು ಇದ್ದವು.

ಪಕ್ಕದ ಅಂಗಡಿಯವರ ಫೋನಿನಿಂದ ನನ್ನ ನಂಬರಿಗೆ ಕರೆ ಮಾಡಿದೆ. ಎರಡು ಸಲ ರಿಂಗ್ ಆಯಿತು, ಮೂರನೇ ಸಲ ಸ್ವಿಚ್ಡ್ ಆಫ್. ಅಲ್ಲಿಗೆ ಆ ಕಥೆ ಮುಗಿಯಿತು. ಅಟ್ಟದ ಮೇಲಿದ್ದ ಫೋನಿನ ಡಬ್ಬಿ ಇಳಿಸಿ, ಅದರ ಬದಿಯಲ್ಲಿದ್ದ 15 ಅಂಕಿಯ ಐಎಂಇಐ ನಂಬರ್ ನೋಡಿ ದೂರು ಬರೆದು ಕೊಟ್ಟದ್ದು, ಸಿಮ್ ಬ್ಲಾಕ್ ಮಾಡಿಸಿದ್ದು, ಇವೆಲ್ಲ ಒಂದು ದಿನದ ಕೆಲಸ. ನಾನು ಹೇಳಲಿಕ್ಕೆ ಹೊರಟದ್ದು ಆಮೇಲಿನ ಒಂದು ತಿಂಗಳ ಕೆಲಸದ ಬಗ್ಗೆ.

ಫೋನ್ ಹೋದರೂ ನಂಬರ್ ಯಾಕೆ ಹೋಗಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಸಿಗುತ್ತದೆ, ಆದರೆ ಸಿಮ್ ಯಾರ ಹೆಸರಲ್ಲಿ ಉಂಟೋ ಅವರಿಗೆ. ನನ್ನದು ಭಾವನ ಹೆಸರಲ್ಲಿತ್ತು. ಹದಿನೈದು ವರ್ಷದ ಹಿಂದೆ ಅವರು ಮಸ್ಕತ್‌ಗೆ ಹೋಗುವಾಗ "ಇದು ನಿನ್ನ ಹತ್ರ ಇರ್ಲಿ" ಅಂತ ಕೊಟ್ಟು ಹೋದದ್ದು. ಅಂಗಡಿಯ ಹುಡುಗ ಆಧಾರ್ ಕಾರ್ಡ್ ನೋಡಿ, ಕಂಪ್ಯೂಟರ್ ನೋಡಿ, ನನ್ನ ಮುಖ ನೋಡಿ, "ಅಕ್ಕ, ಇವರು ಗಂಡಸು" ಅಂದ. ಭಾವ ಬರುವುದು ಡಿಸೆಂಬರಿಗೆ. ಹಾಗಾಗಿ ಹೊಸ ಸಿಮ್, ಹೊಸ ನಂಬರ್.

ಇನ್ನು ಎಲ್ಲರಿಗೂ ತಿಳಿಸಬೇಕು. ತಿಳಿಸಬೇಕಾದರೆ ಅವರ ನಂಬರ್ ಬೇಕು. ನನಗೆ ಬಾಯಿಪಾಠ ಇದ್ದದ್ದು ಮೂರು: ತವರುಮನೆಯ ಲ್ಯಾಂಡ್‌ಲೈನ್, ಯಜಮಾನರದ್ದು, ಮತ್ತು ಕಳೆದುಹೋದ ನನ್ನದೇ ನಂಬರ್. ಹೊಸ ಫೋನಿಗೆ ಹಳೆಯ ಜಿಮೇಲ್ ಹಾಕಿದ ಕೂಡಲೇ ಇನ್ನೂರು ಚಿಲ್ಲರೆ ಹೆಸರುಗಳು ಒಂದರ ಹಿಂದೆ ಒಂದು ಬಂದು ಕೂತವು. ನನಗೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ಆದರೆ ಅರ್ಧಕ್ಕರ್ಧ ಬರಲೇ ಇಲ್ಲ. ತಮ್ಮನ ಮಗ ನೋಡಿ ಹೇಳಿದ, "ಅತ್ತೆ, ಹೆಸರು ಸೇವ್ ಮಾಡುವಾಗ ಎಲ್ಲಿಗೆ ಅಂತ ಕೇಳ್ತದಲ್ಲ, ಗೂಗಲ್ ಖಾತೆಗಾ, ಫೋನಿಗಾ, ಸಿಮ್ಮಿಗಾ ಅಂತ? ನೀವು ಎಂತ ಒತ್ತಿದ್ದು?" ನಾನು ಎಂತ ಒತ್ತಿದ್ದು ಅಂತ ನನಗೆ ಹೇಗೆ ಗೊತ್ತು? ಒಲೆಯ ಮೇಲೆ ಸಾರು ಇಟ್ಟು, ಒದ್ದೆ ಕೈಯಲ್ಲಿ ಸೇವ್ ಮಾಡಿದವರೆಲ್ಲ ಫೋನಿಗೇ ಹೋಗಿದ್ದರು. ಫೋನಿನ ಜೊತೆಗೇ ಹೋದರು. ತೆಂಗಿನಕಾಯಿ ಕೊಯ್ಯುವವರು, ಮಲ್ಲಿಗೆ ಚೆಂಡು ತರುವ ಶಂಕರಪುರದ ಅಕ್ಕ, "ರಿಕ್ಷಾ ಒಳ್ಳೆಯವರು" ಮತ್ತು "ರಿಕ್ಷಾ ಬೇಡ". ಸೋದರಮಾವನ ಮೂರೂ ಮಕ್ಕಳು ಉಳಿದರು. ದಿನಾ ಬೇಕಾದವರು ಒಬ್ಬರೂ ಉಳಿಯಲಿಲ್ಲ.

ಇದ್ದವರಿಗಾದರೂ ತಿಳಿಸೋಣ ಎಂದು ವಾಟ್ಸಾಪಿನಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಒಂದು ಪಟ್ಟಿಯಲ್ಲಿ 256 ಜನ ಹಿಡಿಯುತ್ತಾರೆ, ನನಗೆ ಧಾರಾಳವಾಯಿತು. "ಆತ್ಮೀಯರೇ, ನನ್ನ ಫೋನ್ ಕಳೆದುಹೋಗಿದೆ. ಇದು ನನ್ನ ಹೊಸ ನಂಬರ್. ದಯವಿಟ್ಟು ಸೇವ್ ಮಾಡಿಕೊಳ್ಳಿ." ಆಮಂತ್ರಣ ಪತ್ರಿಕೆಯ ಹಾಗೆ ಗಂಭೀರವಾಗಿ ಬರೆದು, ಕೊನೆಗೆ ಕೈ ಮುಗಿಯುವ ಚಿತ್ರ ಹಾಕಿ ಕಳಿಸಿದೆ. ಸಂಜೆಯವರೆಗೆ ಉತ್ತರ ಬಂದದ್ದು ಒಂದೇ. ಅದು ಯಜಮಾನರದ್ದು, ಚಾವಡಿಯಿಂದ. "ಗೊತ್ತುಂಟು."

ಎಲ್ಲರಿಗೂ ನನ್ನ ಮೇಲೆ ಕೋಪವಾ ಅಂತ ಒಂದು ರಾತ್ರಿ ಸುಮ್ನೆ ಬೇಜಾರು ಮಾಡಿಕೊಂಡೆ. ಮರುದಿನ ತಮ್ಮನ ಮಗನೇ ಗುಟ್ಟು ಬಿಡಿಸಿದ್ದು. ಬ್ರಾಡ್‌ಕಾಸ್ಟ್ ಮಾಡಿದ ಸಂದೇಶ ಹೋಗುವುದು ಯಾರ ಫೋನಿನಲ್ಲಿ ನಮ್ಮ ನಂಬರ್ ಸೇವ್ ಆಗಿದೆಯೋ ಅವರಿಗೆ ಮಾತ್ರವಂತೆ. ಗುರುತಿಲ್ಲದವರು ಸಾವಿರ ಜನಕ್ಕೆ ಕಸ ಕಳಿಸಬಾರದೆಂದು ಮಾಡಿದ ವ್ಯವಸ್ಥೆ. ಒಳ್ಳೆಯದೇ. ಆದರೆ "ನನ್ನ ನಂಬರ್ ಸೇವ್ ಮಾಡಿ" ಎಂಬ ಸಂದೇಶ ತಲುಪಬೇಕಾದರೆ ಅವರು ಮೊದಲೇ ನನ್ನ ನಂಬರ್ ಸೇವ್ ಮಾಡಿರಬೇಕು! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗಾಯಿತು. ಹೊಸ ನಂಬರಿನವರಿಗೆ ಬ್ರಾಡ್‌ಕಾಸ್ಟಿನಷ್ಟು ನಿಷ್ಪ್ರಯೋಜಕ ವಸ್ತು ಇನ್ನೊಂದಿಲ್ಲ.

ಹಾಗಾದರೆ ಎಸ್ಸೆಮ್ಮೆಸ್. ದಿನಕ್ಕೆ ನೂರು ಪುಕ್ಕಟೆ ಉಂಟಲ್ಲ. ಅಲ್ಲಿ ಇನ್ನೊಂದು ಲೆಕ್ಕ ಎದುರಾಯಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರ, ಕನ್ನಡದಲ್ಲಾದರೆ 70. ಅದೂ ನಮ್ಮ ಲೆಕ್ಕದ ಅಕ್ಷರ ಅಲ್ಲ. ಒತ್ತು, ಗುಣಿತ, ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. "ಲಕ್ಷ್ಮಿ" ಎಂದರೆ ನಮಗೆ ಎರಡಕ್ಷರ, ಫೋನಿಗೆ ಏಳು. ಎಪ್ಪತ್ತು ದಾಟಿತೋ, ತುಂಡು ತುಂಡು ಮಾಡಿ ಕಳಿಸುತ್ತದೆ, ಒಂದು ತುಂಡಿಗೆ 67ರ ಹಾಗೆ. ನನ್ನ ಗಂಭೀರ ಪತ್ರಿಕೆ ಎರಡು ತುಂಡಾಯಿತು. ಅಂದರೆ ನೂರು ಎಸ್ಸೆಮ್ಮೆಸ್ಸಿಗೆ ಐವತ್ತು ಜನ. "ಆತ್ಮೀಯರೇ" ತೆಗೆದೆ, "ದಯವಿಟ್ಟು" ತೆಗೆದೆ, ಆಗ ಒಂದಕ್ಕೆ ಇಳಿಯಿತು. ಕನ್ನಡದಲ್ಲಿ ಮರ್ಯಾದೆಗೆ ಎಷ್ಟು ಖರ್ಚಾಗುತ್ತದೆ ಅಂತ ಅವತ್ತು ಗೊತ್ತಾಯಿತು.

ಮರ್ಯಾದೆ ಬಿಟ್ಟು ಕಳಿಸಲಿಕ್ಕೆ ಮನಸ್ಸಾಗಲಿಲ್ಲ. ಕೊನೆಗೆ ವಾಟ್ಸಾಪಿನಲ್ಲೇ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಲಿಕ್ಕೆ ಕೂತೆ. ಈಗ ತಲುಪಿತು. ತಲುಪಿದ್ದೇ ತಡ, ಅನುಮಾನ ಶುರು. ಇವತ್ತು "ಇದು ನನ್ನ ಹೊಸ ನಂಬರ್" ಎಂದು ಬರೆಯುವವರಲ್ಲಿ ಫೋನ್ ಕಳೆದುಕೊಂಡವರಷ್ಟೇ ಅಲ್ಲ, ಮೋಸ ಮಾಡುವವರೂ ಇದ್ದಾರೆ. ಅವರದ್ದೂ ಇದೇ ಮಾತು, ಇದೇ ಕೈ ಮುಗಿಯುವ ಚಿತ್ರ, ಎರಡು ದಿನ ಬಿಟ್ಟು "ಅರ್ಜೆಂಟ್ ಹತ್ತು ಸಾವಿರ ಬೇಕಿತ್ತು". ನನ್ನ ಫೋಟೋ ಹಾಕಿದ್ದೇನಲ್ಲ ಅಂದರೆ, ಫೋಟೋವನ್ನು ಯಾರೂ ಎತ್ತಿ ಹಾಕಿಕೊಳ್ಳಬಹುದು.

ಕುಂದಾಪುರದ ಲಕ್ಷ್ಮಿ ಚಿಕ್ಕಮ್ಮ ಅರ್ಧ ಗಂಟೆ ಉತ್ತರಿಸಲಿಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. "ನೀನು ಅವಳೇ ಹೌದಾದ್ರೆ ನಮ್ಮ ಮನೆಯ ಹಳೇ ನಾಯಿಯ ಹೆಸರು ಹೇಳು ಕಾಂಬ."

ನಾನು ಟೈಪ್ ಮಾಡಿದೆ, "ಟೈಗರ್."

"ಟೈಗರ್ ಎಲ್ಲರ ಮನೆಯಲ್ಲೂ ಇತ್ತು. ಬಾವಿಗೆ ಬಿದ್ದದ್ದು ಯಾವುದು?"

"ಚಿಕ್ಕಮ್ಮ, ಬಾವಿಗೆ ಬಿದ್ದದ್ದು ನಾಯಿ ಅಲ್ಲ, ಚಿಕ್ಕಪ್ಪ."

ಕೂಡಲೇ ಫೋನ್ ಬಂತು. ನಕ್ಕು ನಕ್ಕು ಮಾತೇ ಹೊರಡುತ್ತಿರಲಿಲ್ಲ.

ಚಿಕ್ಕಮ್ಮ ಮಾಡಿದ್ದೇ ಸರಿ ಅಂತ ನನಗೆ ಆಮೇಲೆ ಅನಿಸಿತು. ತಿಳಿಸುವವರೇ ಅದಕ್ಕೆ ದಾರಿ ಮಾಡಿಕೊಡಬೇಕು. ಹಾಗಾಗಿ ಇಡೀ ಸಂದೇಶವನ್ನೇ ಬದಲಾಯಿಸಿದೆ. ಮೊದಲನೆಯದಾಗಿ, ಅದನ್ನು ನಾನು ಕಳಿಸಲಿಲ್ಲ. ಯಜಮಾನರ ಫೋನಿನಿಂದ, ಕುಟುಂಬದ ಗ್ರೂಪಿಗೆ, ಎಲ್ಲರಿಗೂ ಗೊತ್ತಿರುವ ಅವರ ನಂಬರಿನಿಂದ ಹೋಯಿತು. ಅದರ ಹಿಂದೆಯೇ ಹತ್ತು ಸೆಕೆಂಡ್ ನನ್ನ ದನಿ. ಬರೆದದ್ದು ಇಷ್ಟು: "ಕದ್ರಿಯ ಉಷಾಳ ಫೋನ್ ಬಸ್ಸಿನಲ್ಲಿ ಹೋಗಿದೆ. ಹೊಸ ನಂಬರ್ ಕೆಳಗೆ ಉಂಟು. ಬೇರೆ ಹೆಸರಲ್ಲಿ ಸೇವ್ ಮಾಡಬೇಡಿ, ಹಳೆಯ ಹೆಸರಿನಲ್ಲೇ ನಂಬರ್ ಬದಲಾಯಿಸಿ. ಹಳೆಯದನ್ನು ಅಳಿಸಿ. ಹಳೆಯ ನಂಬರಿನಿಂದ ಯಾರಾದರೂ ದುಡ್ಡು ಕೇಳಿದರೆ ಅದು ಅವಳಲ್ಲ. ಹೊಸದರಿಂದ ಕೇಳಿದರೂ ಒಮ್ಮೆ ಫೋನ್ ಮಾಡಿ ವಿಚಾರಿಸಿ." ಕೊನೆಯ ವಾಕ್ಯ ಯಜಮಾನರು ಸ್ವಂತ ಇಚ್ಛೆಯಿಂದ ಸೇರಿಸಿದ್ದು.

"ಹಳೆಯದನ್ನು ಅಳಿಸಿ" ಎಂಬುದನ್ನು ಯಾರೂ ಕೇಳುವುದಿಲ್ಲ. ಉಷಾ, ಉಷಾ ಹೊಸತು, ಉಷಾ ಹೊಸತು 2 ಅಂತ ಇಟ್ಟುಕೊಂಡು, ಅವಸರದಲ್ಲಿ ಮೊದಲನೆಯದನ್ನೇ ಒತ್ತುತ್ತಾರೆ. ವಾಟ್ಸಾಪಿನಲ್ಲಿ ನಂಬರ್ ಬದಲಾಯಿಸುವ ಸೌಲಭ್ಯ ಒಂದಿದೆ, ಗ್ರೂಪುಗಳಿಗೆಲ್ಲ ಅದೇ ತಿಳಿಸುತ್ತದೆ. ಆದರೆ ಅದನ್ನು ಮಾಡಬೇಕಾದ್ದು ಹಳೆಯ ಖಾತೆ ಇರುವ ಫೋನಿನಲ್ಲಿ. ಅದು ಎಲ್ಲಿ ಉಂಟೋ ದೇವರೇ ಬಲ್ಲ. ಸಿಮ್ ಬ್ಲಾಕ್ ಮಾಡಿದರೂ ಆ ಫೋನಿನಲ್ಲಿ ವೈಫೈ ಹಿಡಿದು ವಾಟ್ಸಾಪ್ ನಡೆಸಬಹುದು ಅಂತ ಗೊತ್ತಾದ ಮೇಲೆ, ಖಾತೆ ನಿಲ್ಲಿಸಿ ಎಂದು ಮೇಲ್ ಮಾಡಿದೆ. ನಿಲ್ಲಿಸಿದ ಮೇಲೂ ಜನ ಅದಕ್ಕೆ ಸಂದೇಶ ಕಳಿಸಬಹುದು. ಅವು 30 ದಿನ ಒಂದೇ ಟಿಕ್ ಹಾಕಿಕೊಂಡು ಕಾಯುತ್ತವೆ. ಅಷ್ಟು ದಿನ ನಮ್ಮ ಶಾಲಾ ಗೆಳತಿಯರ ಗ್ರೂಪಿನಲ್ಲಿ ನಾನು ಎರಡೆರಡು ಇದ್ದೆ. ನನ್ನ ಹುಟ್ಟುಹಬ್ಬಕ್ಕೆ ಎಲ್ಲರೂ ಶುಭ ಹಾರೈಸಿದ್ದು ಹಳೆಯವಳಿಗೆ.

ಜುಲೈ ಹಾಗೇ ಮುಗಿಯಿತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ, 61 ದಿನ, ನಮ್ಮ ಕಡಲಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಇದಕ್ಕೂ ನನ್ನ ನಂಬರಿಗೂ ಏನು ಸಂಬಂಧ ಅಂತ ಆಗ ಗೊತ್ತಿರಲಿಲ್ಲ. ಆಗಸ್ಟ್ ಮೊದಲ ವಾರ, ಬೆಳಗಿನ ನಾಲ್ಕು ಗಂಟೆಗೆ ಫೋನ್ ಹೊಡೆದುಕೊಂಡಿತು. ಹಿಂದೆ ಅಲೆಯ ಸದ್ದೋ ಎಂಜಿನ್ ಸದ್ದೋ ತಿಳಿಯಲಿಲ್ಲ. ತುಳುವಿನಲ್ಲಿ ಒಬ್ಬರು ಐಸ್ ಬಂತಾ ಎಂದು ಕೇಳುತ್ತಿದ್ದರು. ರಾಂಗ್ ನಂಬರ್ ಅಂದೆ. ಐದು ಗಂಟೆಗೆ ಇನ್ನೊಬ್ಬರು. ಮರುದಿನ ಮತ್ತೆ.

ಹೊಸ ನಂಬರ್ ಎಂದರೆ ನಮಗೆ ಹೊಸತು, ಅಷ್ಟೇ. ಬಿಟ್ಟುಬಿಟ್ಟ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡದೆ ಇಟ್ಟು, ಆಮೇಲೆ ಇನ್ನೊಬ್ಬರಿಗೆ ಕೊಡುತ್ತಾರೆ. ನನ್ನದು ಮೊದಲು ಮಲ್ಪೆಯಲ್ಲಿ ಬೋಟಿಗೆ ಐಸ್ ಒದಗಿಸುವ ಯಾರದ್ದೋ ಆಗಿತ್ತು. ಮೀನುಗಾರಿಕೆ ನಿಂತಿದ್ದಾಗ ಸುಮ್ಮನಿತ್ತು, ಬೋಟ್ ನೀರಿಗೆ ಇಳಿದದ್ದೇ ಎಚ್ಚರವಾಯಿತು. ಭಾವನ ಹೆಸರಿನ ನನ್ನ ನಂಬರೂ ಹೀಗೇ ಒಂದು ದಿನ ಯಾರದ್ದೋ ಕೈಗೆ ಹೋಗುತ್ತದೆ. ಆ ಪುಣ್ಯಾತ್ಮನಿಗೆ ಕುಂದಾಪುರದಿಂದ ಹೊಸ್ತಿನ ಊಟಕ್ಕೆ ಕರೆ ಹೋದರೆ ಆಶ್ಚರ್ಯವಿಲ್ಲ.

ನಾಲ್ಕನೇ ದಿನ ಅದೇ ನಾಲ್ಕು ಗಂಟೆಯವರು ಕರೆ ಮಾಡಿದಾಗ ನಿದ್ದೆಗಣ್ಣಿನಲ್ಲೇ ಎಲ್ಲ ಬಿಡಿಸಿ ಹೇಳಿದೆ. ಐಸಿನವರು ನಂಬರ್ ಬದಲಾಯಿಸಿದ್ದಾರೆ, ಇದು ಈಗ ನನ್ನದು, ಮನೆ ಕದ್ರಿಯಲ್ಲಿ, ಇಲ್ಲಿ ಐಸ್ ಸಿಗುವುದು ಫ್ರಿಜ್ಜಿನ ಟ್ರೇಯಲ್ಲಿ ಮಾತ್ರ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹೊಸ ನಂಬರ್ ಉಂಟಾ ಅವರದ್ದು?"

"ನನಗೆ ಹೇಗೆ ಗೊತ್ತು ಮಾರಾಯ್ರೆ?"

"ಹತ್ತು ವರ್ಷದ ವ್ಯವಹಾರ. ಒಂದು ಮೆಸೇಜ್ ಹಾಕ್ಲಿಕ್ಕೆ ಆಗ್ಲಿಲ್ವಾ ಅವರಿಗೆ?"

ಹಾಕಿರಬಹುದು, ಬ್ರಾಡ್‌ಕಾಸ್ಟ್ ಮಾಡಿರಬಹುದು ಅಂದೆ. ಅವರಿಗೆ ಅರ್ಥವಾಗಲಿಲ್ಲ. ಫೋನ್ ಇಟ್ಟ ಮೇಲೆ ಆ ನಂಬರನ್ನು "ಐಸ್ ನಾಲ್ಕು ಗಂಟೆ" ಎಂದು ಸೇವ್ ಮಾಡಿದೆ. ಎಲ್ಲಿಗೆ ಅಂತ ಕೇಳಿತು. ಕನ್ನಡಕ ಹುಡುಕಿ ಹಾಕಿಕೊಂಡು, ನೋಡಿ, ಗೂಗಲ್ ಖಾತೆಗೆ ಅಂತಲೇ ಒತ್ತಿದೆ.